ಮೂರು ಸಂದುಗಳ ಕತೆ



ನಾಲ್ಕು ಚೌಕಗಳ ಒಂದು ನಗೆಚಿತ್ರದಲ್ಲಿ ಎಷ್ಟು ಚಿತ್ರಗಳಿರುತ್ತವೆ ಎಂದು ಯಾರಾದರೂ ಕೇಳಿದರೆ ಮಕ್ಕಳು ಕೂಡ ನಾಲ್ಕು ಎಂದು ಹೇಳಿಬಿಡುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆ ಚೌಕಗಳ ನಡುವೆ ಮೂರು ಸಂದುಗಳೂ ಉಂಟು. ನಗು ಹುಟ್ಟುವುದು ಚೌಕಗಳಲ್ಲಲ್ಲ, ಆ ಸಂದುಗಳಲ್ಲಿ ಎಂಬುದು ನನಗೆ ತಿಳಿದದ್ದು ಈ ಮಳೆಗಾಲದಲ್ಲಿ. ಅದನ್ನೇ ಈ ಸಲದ ಅಂಕಣದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಸರಕಾರಿ ಕಚೇರಿಯ ಕಾರಕೂನನಿಗೆ ಈ ವಿದ್ಯೆ ಎಲ್ಲಿಯದು ಎನ್ನಬೇಡಿ. ವಿದ್ಯೆ ನನ್ನ ಅಣ್ಣನ ಮಗಳದು. ನನ್ನದು ಪಕ್ಕದಲ್ಲಿ ಕುಳಿತು ಫ್ರೇಮು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಕೆಲಸ. ಅದೊಂದು ನಮಗೆ ಕಚೇರಿಯಲ್ಲಿಯೇ ರೂಢಿಯಾದದ್ದು.

ನಮ್ಮ ದೊಡ್ಡಪ್ಪನವರು ಮಗರಪಟ್ಟಾದಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಕಾಲಕ್ಕೆ ಕಬ್ಬಿನ ಗದ್ದೆಗಳಿದ್ದ ನೆಲ ಅದು. ಈಗ ಒಂಬತ್ತನೆಯ ಮಹಡಿಯ ಕಿಟಕಿಯಿಂದ ನೋಡಿದರೆ ಕಂಪ್ಯೂಟರ್ ಕಂಪನಿಗಳ ಗಾಜಿನ ಗೋಡೆಗಳು ಕಾಣುತ್ತವೆ. ದೊಡ್ಡಪ್ಪನವರಿಗೆ ಎಂಬತ್ತೆರಡು. ಧಾರವಾಡದಿಂದ ನೌಕರಿಗೆಂದು ಪುಣೆಗೆ ಬಂದವರು, ಬಿಡುವಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಸ್ನೇಹಿತರು ಸೇರಿ ಕೈಬರಹದಲ್ಲಿ ಹೊರಡಿಸುತ್ತಿದ್ದ ಪತ್ರಿಕೆಗೆ ಅವರು ಬರೆದ ನಗೆಚಿತ್ರಗಳು ಎಷ್ಟೋ. ಮನೆ ಬದಲಾಯಿಸುವಾಗ ಎಲ್ಲವೂ ಹೋಗಿ, ಹಳೆಯ ಟ್ರಂಕಿನ ತಳದಲ್ಲಿ ಒಂದೇ ಒಂದು ಉಳಿದಿತ್ತು. ನಾಲ್ಕು ವರ್ಷಗಳಿಂದ ಅವರ ಕೈ ನಡುಗುತ್ತಿದೆ. ಇನ್ನು ಹೊಸದು ಬರುವಂತಿಲ್ಲ. ಆದಕಾರಣ ಆ ಒಂದೇ ಹಾಳೆಯನ್ನು ಚಲಿಸುವ ಚಿತ್ರವನ್ನಾಗಿ ಮಾಡಿ ಸಂಘದ ರಾಜ್ಯೋತ್ಸವದ ಸಂಜೆ ತೋರಿಸಬೇಕೆಂದು ಮೊಮ್ಮಗಳು ಹಟ ಹಿಡಿದಳು.

ದೊಡ್ಡಪ್ಪನವರು ಹಾಳೆಯನ್ನು ಕೊಟ್ಟರು. ಕೊಡುವಾಗ ಒಂದೇ ಮಾತು ಹೇಳಿದರು: “ನಾ ತಗದದ್ದು ನಾಕ ಚಿತ್ರ. ನಡುವಿಂದು ನೋಡೂವರ ಕೆಲಸಾ. ಅದನ್ನ ನೀವು ಕಸಗೋಬ್ಯಾಡ್ರಿ.”

ಆಗ ಆ ಮಾತು ನಮಗೆ ಅರ್ಥವಾಗಲಿಲ್ಲ.

ಮೊದಲು ಆ ನಾಲ್ಕು ಚೌಕಗಳಲ್ಲಿ ಏನಿದೆ ಎಂಬುದನ್ನು ಹೇಳಿಬಿಡುತ್ತೇನೆ. ಮೊದಲನೆಯದರಲ್ಲಿ ಗುಂಡ ಎಂಬ ಹುಡುಗ ನೆಲದ ಮೇಲೆ ನಿಂತು ಮೇಲೆ ನೋಡುತ್ತಿದ್ದಾನೆ. ಗೋಡೆಯ ಹಲಗೆಯ ಮೇಲೆ ಶೇಂಗಾ ಉಂಡಿಯ ಡಬ್ಬಿ. ಅದರ ಪಕ್ಕದಲ್ಲಿ ದೇವರ ಪಟ, ಪಟದ ಮುಂದೆ ಸಣ್ಣ ಹಣತೆ. ಎರಡನೆಯದರಲ್ಲಿ ಗುಂಡ ಸ್ಟೂಲಿನ ಮೇಲೊಂದು ಮಣೆ ಇಟ್ಟು ಹತ್ತಿ, ತುದಿಗಾಲಿನಲ್ಲಿ ನಿಂತು ಡಬ್ಬಿಯ ಮುಚ್ಚಳ ಎತ್ತುತ್ತಿದ್ದಾನೆ. ಮೂರನೆಯದರಲ್ಲಿ ಬಲಗಡೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಾಳೆ. ಗುಂಡನ ಕೈ ಡಬ್ಬಿಯ ಮೇಲೆಯೇ ಇದೆ, ಕಣ್ಣು ಮಾತ್ರ ಅಜ್ಜಿಯ ಕಡೆಗೆ. ನಾಲ್ಕನೆಯದರಲ್ಲಿ ಗುಂಡ ಅದೇ ಸ್ಟೂಲಿನ ಮೇಲೆ ನಿಂತು ಕಣ್ಣು ಮುಚ್ಚಿ ದೇವರ ಪಟಕ್ಕೆ ಕೈ ಮುಗಿದಿದ್ದಾನೆ. ಅಜ್ಜಿ ಗಲ್ಲಕ್ಕೆ ಕೈ ಹಚ್ಚಿಕೊಂಡು “ಎಂಥಾ ಭಕ್ತಿ!” ಎನ್ನುತ್ತಿದ್ದಾಳೆ. ಅಷ್ಟೇ.

ಕಾಗದದ ಮೇಲೆ ಇದನ್ನು ನೋಡಿದ ಯಾರೂ ನಗದೆ ಬಿಟ್ಟಿಲ್ಲ. ಅಂದಮೇಲೆ ಅದನ್ನು ಚಲಿಸುವಂತೆ ಮಾಡಿದರೆ ಇನ್ನೂ ನಗು ಬರಬೇಕಲ್ಲವೆ? ನಾವೂ ಹಾಗೆಯೇ ಎಣಿಸಿದೆವು.

ಈ ಕೆಲಸದ ಲೆಕ್ಕ ಹೀಗಿದೆ. ಸಿನೆಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮುಗಳು ಓಡುತ್ತವೆ. ಒಂದೊಂದು ಫ್ರೇಮಿಗೂ ಒಂದೊಂದು ಹೊಸ ಚಿತ್ರ ಬರೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಒಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸಿದರೂ ಕಣ್ಣು ಒಪ್ಪುತ್ತದೆ. ಆದ್ದರಿಂದ ಒಂದು ಸೆಕೆಂಡಿನ ಚಲನೆಗೆ 12 ಚಿತ್ರಗಳು ಸಾಕು. ಮೊದಲು ಮುಖ್ಯವಾದ ಭಂಗಿಗಳನ್ನು ಬರೆದುಕೊಂಡು, ಆಮೇಲೆ ಎರಡು ಭಂಗಿಗಳ ನಡುವಿನ ಚಿತ್ರ, ಮತ್ತೆ ಅದರ ನಡುವಿನದು ಎಂದು ಅರ್ಧರ್ಧ ಮಾಡುತ್ತ ಹೋಗುವುದು ಹಳೆಯ ಕ್ರಮ. ಅಮೆರಿಕದ ವಿನ್ಸರ್ ಮೆಕೇ ಎಂಬಾತ ಪತ್ರಿಕೆಯ ಚಿತ್ರಮಾಲೆಗಳನ್ನು ಬರೆಯುತ್ತಿದ್ದವನು. 1911ರಲ್ಲಿ ತನ್ನದೇ ಚಿತ್ರಮಾಲೆಯ ನೀಮೋ ಎಂಬ ಹುಡುಗನನ್ನು ತೆರೆಯ ಮೇಲೆ ಓಡಾಡಿಸಿದ. ಹೀಗೆ ಅರ್ಧರ್ಧ ಮಾಡುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಅವನೂ ಒಬ್ಬ. ನಮ್ಮ ಪುಣೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1934ರಲ್ಲಿಯೇ ಇಲ್ಲಿಯ ಪ್ರಭಾತ್ ಕಂಪನಿ ‘ಜಂಬೂ ಕಾಕಾ’ ಎಂಬ ನರಿಯ ಕಿರುಚಿತ್ರವನ್ನು ಹೊರತಂದಿತ್ತು. ಆ ಸ್ಟುಡಿಯೋದ ಆವರಣದಲ್ಲಿಯೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು.

ಈಗ ಕಾಗದ, ಕ್ಯಾಮರಾಗಳ ಖರ್ಚಿಲ್ಲ. ಹುಡುಗಿ ಕ್ರಿತಾ ಎಂಬ ಉಚಿತ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದಾಳೆ. ಅದರಲ್ಲಿ ಹಿಂದಿನ ಮತ್ತು ಮುಂದಿನ ಚಿತ್ರಗಳು ಈರುಳ್ಳಿಯ ಪರೆಯ ಹಾಗೆ ಮಸುಕಾಗಿ ಕೆಳಗೆ ಕಾಣುತ್ತವೆ. ಅವುಗಳ ನಡುವೆ ಹೊಸದನ್ನು ಬರೆಯಬೇಕು. ದೊಡ್ಡಪ್ಪನವರ ನಾಲ್ಕು ಚೌಕಗಳೇ ನಾಲ್ಕು ಮುಖ್ಯ ಭಂಗಿಗಳು, ನಡುವಿನದನ್ನು ತುಂಬಿದರೆ ಮುಗಿಯಿತು ಎಂದು ಆಕೆ ಕೆಲಸ ಹಿಡಿದಳು.

ಮೊದಲಿಗೆ ಗುಂಡ ಸ್ಟೂಲು ಎಳೆದು ತರುವುದು, ಮಣೆ ಇಡುವುದು, ಹತ್ತುವುದು. ಇಷ್ಟಕ್ಕೆ ನಲವತ್ತು ಚಿತ್ರಗಳಾದವು, ಒಂಬತ್ತು ಸಂಜೆಗಳು ಹೋದವು. ಆಮೇಲೆ ಮೂರನೆಯ ಚೌಕದಿಂದ ನಾಲ್ಕನೆಯದಕ್ಕೆ ಎಂಟು ಚಿತ್ರಗಳು. ಗುಂಡನ ಕೈ ಡಬ್ಬಿಯಿಂದ ಮೆಲ್ಲಗೆ ಸರಿದು, ಗಾಳಿಯಲ್ಲಿ ಹಾದು, ಇನ್ನೊಂದು ಕೈಯನ್ನು ಕೂಡಿ, ಮುಗಿಯುತ್ತದೆ. ಎಂಟು ಚಿತ್ರ ಎಂದರೆ 16 ಫ್ರೇಮು, ಒಂದು ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಚಲನೆ ಬಹಳ ನಯವಾಗಿತ್ತು. ಒಂದು ರವಿವಾರ ಮನೆಯವರನ್ನೂ ನೆರೆಮನೆಯವರನ್ನೂ ಕೂಡಿಸಿ ತೋರಿಸಿದೆವು. ಎಲ್ಲರೂ “ಛಲೋ ಮಾಡಿದಿ” ಎಂದರು. ಒಬ್ಬರೂ ನಗಲಿಲ್ಲ.

ದೊಡ್ಡಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡವಾ, ಅಂವಾ ಕೈ ಮುಗಿಯೂದನ್ನ ನಾ ತಗದಿಲ್ಲ. ಮುಗದ ಕೈ ತಗದೀನಿ,” ಎಂದರು. ಮತ್ತೇನೂ ಹೇಳಲಿಲ್ಲ. ಎದ್ದು ತಮ್ಮ ಕೋಣೆಗೆ ಹೋದರು. ಹುಡುಗಿಯ ಕಣ್ಣಲ್ಲಿ ನೀರು.

ಅಂದು ರಾತ್ರಿ ನಾವಿಬ್ಬರೂ ಕುಳಿತು ಇದೇಕೆ ಹೀಗಾಯಿತೆಂದು ಯೋಚಿಸಿದೆವು. ಕಾಗದದ ಮೇಲೆ ಮೂರನೆಯ ಚೌಕದಿಂದ ನಾಲ್ಕನೆಯದಕ್ಕೆ ಕಣ್ಣು ಹಾರಿದಾಗ ಓದುವವನು ಒಂದು ಸಣ್ಣ ಶೋಧ ಮಾಡುತ್ತಾನೆ: “ಅರೆ, ಈ ಭಡವಾ ಕೈ ತಿರುಗಿಸಿಬಿಟ್ಟನಲ್ಲ!” ಆ ಶೋಧವೇ ನಗು. ನಾವು ಆ ಕೈಯನ್ನು ಹೆಜ್ಜೆಹೆಜ್ಜೆಗೆ ತೋರಿಸಿದ್ದರಿಂದ ನೋಡುವವನಿಗೆ ಹುಡುಕಲು ಏನೂ ಉಳಿಯಲಿಲ್ಲ. ನಾಲ್ಕನೆಯ ಭಂಗಿ ಬರುವ ಹೊತ್ತಿಗೆ ಅದು ಹಳೆಯ ಸುದ್ದಿ. ಇನ್ನೂ ಒಂದು ದೊಡ್ಡ ದೋಷವಿತ್ತು. ಬಾಗಿಲಲ್ಲಿ ನಿಂತ ಅಜ್ಜಿ ಆ ಕೈ ಸರಿಯುವುದನ್ನು ಸೆಕೆಂಡಿನ ಮೂರರಲ್ಲಿ ಎರಡು ಪಾಲು ಹೊತ್ತು ಕಣ್ಣಾರೆ ನೋಡಿಯೂ “ಎಂಥಾ ಭಕ್ತಿ” ಎನ್ನುತ್ತಾಳೆ. ಕಾಗದದಲ್ಲಿ ಮುಗ್ಧೆಯಾಗಿದ್ದ ಅಜ್ಜಿ ನಮ್ಮ ಕೈಯಲ್ಲಿ ಪೆದ್ದಿಯಾದಳು. ದೊಡ್ಡಪ್ಪನವರಿಗೆ ನೋವಾದದ್ದು ಬಹುಶಃ ಇದರಿಂದಲೇ ಇರಬೇಕು. ಆ ಅಜ್ಜಿ ಬೇರೆ ಯಾರೂ ಅಲ್ಲ, ಅವರ ತಾಯಿ.

ಹಾಗಾದರೆ ನಡುಚಿತ್ರಗಳನ್ನೇ ಬಿಟ್ಟು ಮೂರರಿಂದ ನಾಲ್ಕಕ್ಕೆ ನೇರವಾಗಿ ಜಿಗಿದುಬಿಡೋಣ ಎಂದು ಎರಡನೆಯ ಪ್ರಯತ್ನ ಮಾಡಿದೆವು. ಈ ಸಲ ಪರೀಕ್ಷೆಯ ಕ್ರಮವನ್ನು ಬದಲಿಸಿದೆ. ಮೂಲ ಹಾಳೆಯನ್ನು ನೋಡಿರದ ಮೂವರನ್ನು ಒಬ್ಬೊಬ್ಬರನ್ನಾಗಿ ಕರೆದು ತೋರಿಸಿ, “ಹೇಗಿದೆ” ಎಂದು ಕೇಳದೆ, “ಹುಡುಗ ಏನು ಮಾಡಿದ, ಹೇಳಿ” ಎಂದು ಕೇಳಿದೆ. ಹೇಗಿದೆ ಎಂದರೆ ಜನ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕತೆ ಹೇಳಿ ಎಂದರೆ ನಿಜ ಹೊರಬೀಳುತ್ತದೆ. ಒಬ್ಬರು, “ಮರುದಿನ ಹುಡುಗ ಪೂಜೆ ಮಾಡಿದ” ಎಂದರು. ಇನ್ನೊಬ್ಬರು ನಡುವೆ ಚಿತ್ರ ಹರಿದಿದೆ ಎಂದುಕೊಂಡರು. ಕಾಗದದಲ್ಲಿ ನಾಲ್ಕೂ ಚೌಕಗಳು ಒಂದೇ ಹಾಳೆಯಲ್ಲಿ ಒಟ್ಟಿಗೆ ಕಾಣುತ್ತವೆ. ಬೇಕಾದರೆ ಕಣ್ಣು ಹಿಂದಕ್ಕೆ ಹೋಗಿ ಮೂರನೆಯದನ್ನು ಮತ್ತೆ ನೋಡಿ ಬರುತ್ತದೆ. ತೆರೆಯ ಮೇಲೆ ಹೋದದ್ದು ಹೋಯಿತು. ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ, ಕೈ ಮಾತ್ರ ತಟ್ಟನೆ ಬೇರೆಡೆ ಕಂಡರೆ ಅದು ಗುಂಡನ ಚಾಲಾಕಿಯಲ್ಲ, ಯಂತ್ರದ ದೋಷ ಎಂದು ಕಣ್ಣು ತೀರ್ಮಾನಿಸುತ್ತದೆ.

ಇಲ್ಲಿಗೆ ಸಮಸ್ಯೆ ಸ್ಪಷ್ಟವಾಯಿತು. ಸಂದನ್ನು ತುಂಬಿದರೆ ನಗು ಸಾಯುತ್ತದೆ. ಸಂದನ್ನು ಖಾಲಿ ಬಿಟ್ಟರೆ ಕತೆ ಹರಿಯುತ್ತದೆ. ಏನಾದರೊಂದು ಚಲನೆ ಬೇಕು. ಆದರೆ ಅದು ಆ ಕೈಯ ಚಲನೆಯಾಗಿರಕೂಡದು.

ಮೂರನೆಯ ದಾರಿಯನ್ನು ಕಂಡುಹಿಡಿದವಳು ಹುಡುಗಿಯೇ. ಆಕೆ ಮೂರನೆಯ ಮತ್ತು ನಾಲ್ಕನೆಯ ಚೌಕಗಳನ್ನು ಒಂದರ ಮೇಲೊಂದಿಟ್ಟು, ಈರುಳ್ಳಿಯ ಪರೆಯಲ್ಲಿ ಕಾಣುವಂತೆ ಮಾಡಿ, “ಕಾಕಾ, ಇದರಾಗ ಏನೇನ ಬದಲಾಗೇದ, ಬರಕೋರಿ” ಎಂದಳು. ನಾನು ಪಟ್ಟಿ ಮಾಡಿದೆ. ಗುಂಡನ ಕೈ ಬದಲಾಗಿದೆ. ಗುಂಡನ ಕಣ್ಣು ಮುಚ್ಚಿದೆ. ಅಜ್ಜಿಯ ಬಾಯಿ ನಕ್ಕಿದೆ. ಅಷ್ಟೇ ಎಂದುಕೊಂಡೆ. ಆಗ ಆಕೆ ಬೆರಳಿಟ್ಟು ತೋರಿಸಿದಳು: ಮೂರನೆಯ ಚೌಕದಲ್ಲಿ ಅಜ್ಜಿಯ ಕನ್ನಡಕ ಹಣೆಯ ಮೇಲಿದೆ, ನಾಲ್ಕನೆಯದರಲ್ಲಿ ಮೂಗಿನ ಮೇಲಿದೆ!

ನೂರು ಸಲ ನೋಡಿದ ಚಿತ್ರ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಜ್ಜಿ ಬಾಗಿಲಿಗೆ ಬಂದಾಗ ಆಕೆಗೆ ಮಬ್ಬಾಗಿ ಕಾಣುತ್ತಿದೆ. ಕನ್ನಡಕ ಇಳಿಸಿಕೊಂಡು ನೋಡುವಷ್ಟರಲ್ಲಿ ಗುಂಡ ಭಕ್ತನಾಗಿದ್ದಾನೆ. ಆಕೆ ಪೆದ್ದಿಯಲ್ಲ, ಆಕೆ ಕಂಡದ್ದೇ ಅಷ್ಟು. ನಾವು ಹುಡುಕುತ್ತಿದ್ದ ಚಲನೆಯನ್ನು ದೊಡ್ಡಪ್ಪನವರು ಆಗಲೇ ಹಾಳೆಯಲ್ಲಿ ಬಚ್ಚಿಟ್ಟಿದ್ದರು. ಮೂರನೆಯ ಚೌಕವಾದ ಮೇಲೆ ತೆರೆಯ ತುಂಬ ಅಜ್ಜಿಯ ಮುಖ ತೋರಿಸಬೇಕು. ಆಕೆ ಕನ್ನಡಕ ಇಳಿಸಿಕೊಳ್ಳಬೇಕು. ಆಮೇಲೆ ಕೋಣೆಯನ್ನು ಮತ್ತೆ ತೋರಿಸಿದಾಗ ಕೈ ಮುಗಿದಾಗಿರಬೇಕು. ಕೈ ತಿರುಗಿದ್ದು ಯಾವಾಗ ಎಂದು ನೋಡುವವನಿಗೆ ಗೊತ್ತು, ಆದರೆ ಅದನ್ನು ಅವನು ನೋಡಿಲ್ಲ. ಕಾಲವೂ ಹರಿಯಲಿಲ್ಲ, ಶೋಧವೂ ಉಳಿಯಿತು.

ಇದರಿಂದ ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡ ನಿಯಮ ಇಷ್ಟೇ. ಎರಡು ಚೌಕಗಳ ನಡುವೆ ಏನೇನು ಬದಲಾಗಿದೆ ಎಂದು ಪೂರ್ತಿ ಪಟ್ಟಿ ಮಾಡಬೇಕು. ಅದರಲ್ಲಿ ನಗುವನ್ನು ಹೊತ್ತಿರುವ ಬದಲಾವಣೆ ಯಾವುದು ಎಂದು ಗುರುತಿಸಿ ಅದನ್ನು ಮುಟ್ಟದೆ ಬಿಡಬೇಕು. ಉಳಿದವುಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಚಲನೆ ಕೊಡಬೇಕು. ಆ ಚಲನೆಯ ಮರೆಯಲ್ಲಿ ಮೊದಲನೆಯದು ತಾನಾಗಿಯೇ ನಡೆದುಹೋಗುತ್ತದೆ.

ಇನ್ನು ಕನ್ನಡಕ ಇಳಿಸುವುದು ಹೇಗೆ? ಹುಡುಗಿ ಮೊದಲು ಎರಡು ಬೆರಳುಗಳಿಂದ ಕನ್ನಡಕದ ಕಡ್ಡಿ ಹಿಡಿದು ಇಳಿಸುವಂತೆ ಬರೆದಳು, ಕಾಲೇಜಿನ ಮಾಸ್ತರರು ಮಾಡುವ ಹಾಗೆ. ಆದರೆ ಚಿತ್ರದಲ್ಲಿ ಅಜ್ಜಿಯ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಯಾಕೆ ಎಂದು ತಿಳಿಯದೆ ಇಬ್ಬರೂ ದೊಡ್ಡಪ್ಪನವರ ಕೋಣೆಗೆ ಹೋಗಿ, “ದೊಡ್ಡಪ್ಪಾ, ಇದು ಯಾಕ ಹಿಂಗ ಅದರಿ?” ಎಂದು ಕೇಳಿದೆವು.

ಅವರು ಬಹಳ ಹೊತ್ತು ಹಾಳೆಯನ್ನು ನೋಡಿದರು. “ನಮ್ಮವ್ವ ರೊಟ್ಟಿ ಬಡಿಯೂದು ಬಿಟ್ಟು ಎದ್ದ ಬಂದಾಳ. ಕೈತುಂಬ ಜ್ವಾಳದ ಹಿಟ್ಟು. ಒಲಿ ಹೊಗಿಗೆ ಚಾಳೀಸು ಮ್ಯಾಲ ಏರಿಸಿದ್ಲು. ಹಿಟ್ಟಿನ ಕೈಲೆ ಹ್ಯಾಂಗ ಮುಟ್ಟತಾಳ? ಹಿಂಗ!” ಎಂದು ತಮ್ಮ ನಡುಗುವ ಕೈಯನ್ನು ಎತ್ತಿ, ಮಣಿಕಟ್ಟಿನ ಹಿಂಬದಿಯಿಂದ ಹಣೆಯ ಮೇಲಿನ ಕನ್ನಡಕವನ್ನು ಕೆಳಗೆ ತಳ್ಳಿ, ಮೂಗಿನ ಮೇಲೆ ಒಮ್ಮೆ ಒತ್ತಿ ಕೂಡಿಸುವ ಹಾಗೆ ಮಾಡಿ ತೋರಿಸಿದರು. ಹುಡುಗಿ ಅದನ್ನು ಫೋನಿನಲ್ಲಿ ಹಿಡಿದುಕೊಂಡಳು. ಆ ಚಲನೆಗೆ ಆಕೆ ಬೇರೆ ಮಾದರಿ ಹುಡುಕಲಿಲ್ಲ. ಬೆರಳುಗಳಿಂದ ಇಳಿಸಿದ್ದರೆ ಅದು ಯಾರೋ ಒಬ್ಬ ಅಜ್ಜಿ. ಮಣಿಕಟ್ಟಿನಿಂದ ತಳ್ಳಿದ್ದರಿಂದ ಅದು ಒಲೆಯ ಮುಂದಿನಿಂದ ಎದ್ದು ಬಂದ ಅಜ್ಜಿ. ಒಲೆಯನ್ನು ತೋರಿಸದೆ ಒಲೆ ಕಂಡಿತು.

ಮೂರನೆಯ ಸಂದು ಸರಿಹೋದ ಮೇಲೆ ಅದೇ ನಿಯಮವನ್ನು ಹಿಡಿದು ಮೊದಲಿನ ಎರಡಕ್ಕೆ ಹಿಂದಿರುಗಿದೆವು. ಒಂದರಿಂದ ಎರಡಕ್ಕೆ ಹೋಗುವಾಗ ಬದಲಾದದ್ದು ಗುಂಡನ ಎತ್ತರ ಒಂದೇ. ಅವನು ಹತ್ತುವುದರಲ್ಲಿ ನಗುವೂ ಇಲ್ಲ, ಗುಟ್ಟೂ ಇಲ್ಲ. ಎಲ್ಲರೂ ಬಲ್ಲ ಸಂಗತಿ. ಒಂಬತ್ತು ಸಂಜೆಗಳ ಆ ನಲವತ್ತು ಚಿತ್ರಗಳನ್ನು ತೆಗೆದುಹಾಕಿದೆವು. ಹುಡುಗಿಗೆ ಹೊಟ್ಟೆಯುರಿಯಿತು, ಆದರೂ ತೆಗೆದಳು. ಅದರ ಬದಲು ಗುಂಡ ಚೌಕದಿಂದ ಎಡಕ್ಕೆ ಹೊರಟುಹೋಗುತ್ತಾನೆ. ತೆರೆಯ ಮೇಲೆ ಖಾಲಿ ಗೋಡೆ, ಹಲಗೆ, ಹಣತೆ. ಸ್ಟೂಲು ನೆಲದ ಮೇಲೆ ಎಳೆದು ಬರುವ ಸಪ್ಪಳ ಮಾತ್ರ ಕೇಳಿಸುತ್ತದೆ. ಒಂದೂವರೆ ಸೆಕೆಂಡಾದ ಮೇಲೆ ಗುಂಡ ಆಗಲೇ ಮೇಲಿದ್ದಾನೆ. ಸಪ್ಪಳ ಕೇಳಿದವನು ಮಿಕ್ಕದ್ದನ್ನು ತಾನೇ ಬರೆದುಕೊಳ್ಳುತ್ತಾನೆ.

ಆ ಖಾಲಿ ಒಂದೂವರೆ ಸೆಕೆಂಡಿನಲ್ಲಿ ಹಣತೆಯ ಕುಡಿ ಅಲುಗಾಡುವಂತೆ ಮಾಡಿದ್ದು ಒಂದು ಉದ್ದೇಶದಿಂದ. ಕೊನೆಯ ನಗುವಿಗೆ ದೇವರ ಪಟ ಅಲ್ಲಿದೆ ಎಂಬುದು ನೋಡುವವನಿಗೆ ಮೊದಲೇ ತಿಳಿದಿರಬೇಕು. ಇಲ್ಲವಾದರೆ ಪಟ ಆಕಾಶದಿಂದ ಉದುರಿದಂತಾಗುತ್ತದೆ. ಆದರೆ ತಿಳಿಸಿದ್ದು ಗೊತ್ತಾಗಬಾರದು. ಕಾಗದದಲ್ಲಿ ಓದುವವನು ನಿಧಾನವಾಗಿ ನೋಡಿ ಪಟವನ್ನು ಗಮನಿಸುತ್ತಾನೆ; ತೆರೆಯ ಮೇಲೆ ಕಣ್ಣು ಚಲಿಸುವುದರ ಹಿಂದೆ ಓಡುತ್ತದೆ. ಎಲ್ಲವೂ ನಿಂತಿರುವಾಗ ಕುಡಿಯೊಂದೇ ಅಲುಗಿದರೆ ಕಣ್ಣು ತಾನಾಗಿ ಪಟದ ಮುಂದೆ ಹೋಗಿ ನಿಲ್ಲುತ್ತದೆ. ಇದಕ್ಕೆ ಬೇಕಾದದ್ದು ಮೂರೇ ಚಿತ್ರಗಳು. ಒಂದು, ಎರಡು, ಮೂರು, ಮತ್ತೆ ಎರಡು ಎಂದು ಅವನ್ನೇ ತಿರುಗಿಸುತ್ತ ಇದ್ದರೆ ಕುಡಿ ಎಷ್ಟು ಹೊತ್ತಾದರೂ ಉರಿಯುತ್ತದೆ. ಇದೇ ಕುಡಿ ಇನ್ನೊಂದು ಉಪಕಾರವನ್ನೂ ಮಾಡಿತು. ತೆರೆಯ ಮೇಲೆ ಒಂದು ಚಿತ್ರ ಪೂರ್ತಿ ಸ್ತಬ್ಧವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ನಿಂತರೆ ಜನ ಕಂಪ್ಯೂಟರು ಕೆಟ್ಟಿತೆಂದು ಹಿಂದಿರುಗಿ ನೋಡುತ್ತಾರೆ. ಕುಡಿ ಅಲುಗುತ್ತಿದ್ದರೆ, ಯಂತ್ರ ನಿಂತಿಲ್ಲ, ಗುಂಡನೇ ನಿಂತಿದ್ದಾನೆ ಎಂದು ತಿಳಿಯುತ್ತದೆ.

ಎರಡರಿಂದ ಮೂರಕ್ಕೆ ಹೋಗುವ ಸಂದಿನಲ್ಲಿ ನಾವು ಕೊಟ್ಟದ್ದು ಚಲನೆಯಲ್ಲ, ನಿಲುಗಡೆ. ಗುಂಡನ ಬೆರಳು ಮುಚ್ಚಳದ ಕಡೆಗೆ ಹೋಗುವಾಗ ಮೊದಮೊದಲು ಚಿತ್ರಗಳ ನಡುವಿನ ಅಂತರ ದೊಡ್ಡದು, ಹತ್ತಿರವಾದಂತೆ ಅಂತರ ಸಣ್ಣದು. ಹಾಗೆ ಮಾಡಿದರೆ ಕೈ ತಡವರಿಸಿ ಮುಟ್ಟಿದಂತೆ ಕಾಣುತ್ತದೆ. ಅಂತರಗಳೆಲ್ಲ ಒಂದೇ ಸಮವಾದರೆ ಕೈ ಗಡಿಯಾರದ ಮುಳ್ಳಿನಂತೆ ಹೋಗುತ್ತದೆ. ಮುಚ್ಚಳ ಎದ್ದ ಕೂಡಲೆ ಬಳೆಯ ಸದ್ದು. ಗುಂಡನ ಕಣ್ಣು ಮಾತ್ರ ಹೊರಳಿ, ಉಳಿದದ್ದೆಲ್ಲ ಒಂದು ಸೆಕೆಂಡು ನಿಂತುಬಿಡುತ್ತದೆ. ಹೆದರಿದ ಹುಡುಗ ಅಲುಗುವುದಿಲ್ಲ. ಅವನನ್ನು ಅಲುಗಿಸದೆ ಬಿಡುವುದೇ ಅಲ್ಲಿಯ ಅಭಿನಯ.

ಕಾರಕೂನನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಮೊದಲನೆಯ ಚೌಕಕ್ಕೆ 48 ಫ್ರೇಮು, ಸ್ಟೂಲಿನ ಸಪ್ಪಳಕ್ಕೆ 36, ಕೈ ಚಾಚಿ ಮುಚ್ಚಳ ಎತ್ತುವುದಕ್ಕೆ 36, ಬೆದರಿ ನಿಲ್ಲುವುದಕ್ಕೆ 24, ಕನ್ನಡಕಕ್ಕೆ 30, ಕೊನೆಯ ಚೌಕಕ್ಕೆ ಅಜ್ಜಿಯ ಮಾತೂ ಸೇರಿ 72. ಒಟ್ಟು 246 ಫ್ರೇಮು, ಅಂದರೆ ಹತ್ತೂಕಾಲು ಸೆಕೆಂಡು. ಕನ್ನಡಕದ 30 ಫ್ರೇಮುಗಳನ್ನು ನಿಗದಿ ಮಾಡಲು ನಾಲ್ಕು ಸಲ ತಿದ್ದಬೇಕಾಯಿತು. 12 ಇಟ್ಟಾಗ ಗುಂಡನಿಗೆ ಕೈ ತಿರುಗಿಸಲು ಹೊತ್ತೇ ಸಾಲದು ಎನ್ನಿಸಿತು. 60 ಇಟ್ಟಾಗ ನೋಡುವವರು ಮುಂದಿನದನ್ನು ಊಹಿಸಿ, ಚಿತ್ರಕ್ಕಿಂತ ಮೊದಲೇ ತಾವು ಅಲ್ಲಿಗೆ ಹೋಗಿ ಕಾಯುತ್ತ ಕುಳಿತರು. ನಾವೇ ಎದ್ದು ನಿಂತು ಡಬ್ಬಿಯಿಂದ ಕೈ ತೆಗೆದು ಮುಗಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದೆವು: ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಕಾಣದೆ ನಡೆಯುವ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕೋ, ಮರೆ ಮಾಡುವ ಚಲನೆಯೂ ಅಷ್ಟೇ ಹೊತ್ತು ಇರಬೇಕು.

ಕೊನೆಗೆ ಒಂದು ಜಗಳವಾಯಿತು. ನಾಲ್ಕನೆಯ ಚೌಕದಲ್ಲಿ, ಅಜ್ಜಿಯ ಮಾತಾದ ಮೇಲೆ, ಗುಂಡ ಒಂದು ಕಣ್ಣು ತೆರೆದು ಡಬ್ಬಿಯ ಕಡೆಗೆ ನೋಡಬೇಕೆಂದು ಹುಡುಗಿ, ಬೇಡವೆಂದು ದೊಡ್ಡಪ್ಪನವರು. ನನಗೆ ಕಣ್ಣು ತೆರೆಯುವುದೇ ಮೆಚ್ಚಿಗೆಯಾಗಿತ್ತು. ಎರಡೂ ಬಗೆಯನ್ನು ಮಾಡಿ ಬೇರೆಬೇರೆ ಜನರಿಗೆ ತೋರಿಸಿದೆವು. ಕಣ್ಣು ತೆರೆದಾಗಲೂ ಜನ ನಕ್ಕರು. ಆದರೆ “ಹುಡುಗ ಏನು ಮಾಡಿದ” ಎಂದು ಕೇಳಿದಾಗ, ಕಣ್ಣು ತೆರೆದದ್ದನ್ನು ನೋಡಿದವರು “ಉಂಡಿ ಕದಿಯಲು ಹೋಗಿದ್ದ” ಎಂದು ಹೇಳಿ ಸುಮ್ಮನಾದರು. ಕಣ್ಣು ತೆರೆಯದ್ದನ್ನು ನೋಡಿದವರು ಹಾಗಲ್ಲ. “ಮುಚ್ಚಳ ಇನ್ನೂ ಅರ್ಧ ತೆರದss ಅದ ನೋಡ್ರಿ!” ಎಂದು ತಾವೇ ಕಂಡುಹಿಡಿದು ಎರಡನೆಯ ಸಲ ನಕ್ಕರು. ಹೌದು, ನಾಲ್ಕನೆಯ ಚೌಕದಲ್ಲಿ ಡಬ್ಬಿಯ ಮುಚ್ಚಳ ಓರೆಯಾಗಿಯೇ ಇದೆ. ಹುಡುಗಿ ಒಮ್ಮೆ ಅದನ್ನು ಕೈತಪ್ಪು ಎಂದು ತಿಳಿದು ಸರಿಯಾಗಿ ಮುಚ್ಚಿಯೂ ಬಿಟ್ಟಿದ್ದಳು! ಕಣ್ಣು ತೆರೆದರೆ ಜನ ಕಣ್ಣನ್ನು ನೋಡುತ್ತಾರೆ. ಮುಚ್ಚಳ ಯಾರಿಗೂ ಕಾಣುವುದಿಲ್ಲ. ಹೀಗೆ ಆ ಕಣ್ಣು ಮುಚ್ಚಿಯೇ ಉಳಿಯಿತು.

ಎಲ್ಲ ನಗೆಚಿತ್ರಕ್ಕೂ ಈ ನಿಯಮ ಒಗ್ಗುತ್ತದೆಂದು ನಾನು ಹೇಳಲಾರೆ. ಕೆಲವು ಕಡೆ ಚಲನೆಯೇ ನಗು. ಅದೇ ವಿನ್ಸರ್ ಮೆಕೇ 1912ರಲ್ಲಿ ಒಂದು ಸೊಳ್ಳೆಯ ಚಿತ್ರ ಮಾಡಿದ. ಮಲಗಿದವನ ರಕ್ತವನ್ನು ಹೀರುತ್ತ ಹೀರುತ್ತ ಸೊಳ್ಳೆಯ ಹೊಟ್ಟೆ ಉಬ್ಬುತ್ತ ಹೋಗುತ್ತದೆ, ಕೊನೆಗೆ ಒಡೆಯುತ್ತದೆ. ಅಲ್ಲಿ ಉಬ್ಬುವುದನ್ನು ಮರೆಮಾಡಿದರೆ ಉಳಿಯುವುದೇನು? ಅಂಥ ಸಂದನ್ನು ತುಂಬಲೇಬೇಕು, ಅದೂ ನಿಧಾನವಾಗಿ. ಇನ್ನು ನಗುವೆಲ್ಲ ಮಾತಿನಲ್ಲಿಯೇ ಇರುವ ಚಿತ್ರಗಳಿಗೆ ಚಲನೆ ಬರಿಯ ಅಡ್ಡಿ. ಜಪಾನಿನಲ್ಲಿ ಈ ನಾಲ್ಕು ಚೌಕದ ಬಗೆಗೆ ಬಹಳ ಮನ್ನಣೆಯುಂಟು. ಹಿಸಾಯಿಚಿ ಇಶಿಯಿ ದಿನಪತ್ರಿಕೆಗೆ ಬರೆದ ಯಮಾದಾ ಎಂಬ ಕುಟುಂಬದ ಚಿತ್ರಮಾಲೆಯನ್ನು ಇಸಾವೋ ತಾಕಾಹಾತಾ 1999ರಲ್ಲಿ ಪೂರ್ಣ ಸಿನೆಮಾ ಮಾಡಿದರು. ಅದರಲ್ಲಿ ಎಷ್ಟೋ ಕಡೆ ಹಿನ್ನೆಲೆಯನ್ನೇ ಬರೆದಿಲ್ಲ, ಬಿಳಿಯ ಹಾಳೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಹುಡುಗಿ ಅದನ್ನು ನನಗೆ ತೋರಿಸಿದಾಗ ದೊಡ್ಡಪ್ಪನವರೂ ಹಿಂದೆ ನಿಂತು ನೋಡಿ, “ಅಂವಗ ತಿಳದದ” ಎಂದಷ್ಟೇ ಅಂದರು.

ರಾಜ್ಯೋತ್ಸವದ ಸಂಜೆ ನಮ್ಮ ಹತ್ತೂಕಾಲು ಸೆಕೆಂಡು ಬಂದದ್ದು ಮಕ್ಕಳ ಕೋಲಾಟಕ್ಕೂ ಬಹುಮಾನ ಹಂಚಿಕೆಗೂ ನಡುವೆ. ಅಜ್ಜಿ ಮಣಿಕಟ್ಟಿನಿಂದ ಕನ್ನಡಕ ತಳ್ಳಿಕೊಂಡಳು. ಗುಂಡ ಕೈ ಮುಗಿದು ನಿಂತಿದ್ದ. ಸಭೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೆ ನಕ್ಕಿತು. ಆ ಒಂದು ಕ್ಷಣ ಎಲ್ಲರೂ ಸಂದಿನಲ್ಲಿ ತಮ್ಮ ತಮ್ಮ ಚಿತ್ರ ಬರೆದುಕೊಳ್ಳುತ್ತಿದ್ದರು. ನಾನು ದೊಡ್ಡಪ್ಪನವರ ಕಡೆಗೆ ನೋಡಿದೆ. ಅವರು ನಗುತ್ತಿರಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು, “ಇನ್ನೊಮ್ಮೆ ಹಾಕಸವಾ,” ಎಂದರು. “ಗುಂಡಂದಲ್ಲ. ನಮ್ಮವ್ವ ಚಾಳೀಸು ಇಳಸೂದು.”